ಜೋಡಿಯಾದ ಹೆಡ್‌ಸೆಟ್ ಮೌನವಾಗುವುದೇಕೆ?

ಲ್ಯಾಪ್‌ಟಾಪ್ ಪರದೆಯ ಮೇಲೆ ಹೆಡ್‌ಸೆಟ್ಟಿನ ಹೆಸರಿದೆ, ಹೆಸರಿನ ಕೆಳಗೆ Connected ಎಂದೂ ಇದೆ. ಆದರೆ ಕಿವಿಯಲ್ಲಿ ಏನೂ ಕೇಳುತ್ತಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಹೆಡ್‌ಸೆಟ್ ಕೆಟ್ಟಿದೆ ಎಂದು ಅಂಗಡಿಗೆ ಒಯ್ಯುತ್ತಾರೆ. ಇನ್ನು ಕೆಲವರು ಅದನ್ನು ಅಳಿಸಿ ಮತ್ತೆ ಜೋಡಿಸುವುದನ್ನೇ ಹತ್ತಾರು ಸಲ ಮಾಡುತ್ತಾರೆ. ಬಹಳಷ್ಟು ಸಲ ಹೆಡ್‌ಸೆಟ್ಟೂ ಸರಿಯಾಗಿರುತ್ತದೆ, ಬ್ಲೂಟೂತೂ ಸರಿಯಾಗಿರುತ್ತದೆ. ಶಬ್ದವನ್ನು ಯಾವ ದಾರಿಯಲ್ಲಿ ಕಳಿಸಬೇಕು ಎಂಬ ತೀರ್ಮಾನವನ್ನು ಕಂಪ್ಯೂಟರು ಬೇರೆಯಾಗಿ ಮಾಡುತ್ತದೆ, ಎಡವಟ್ಟಾಗುವುದು ಅಲ್ಲಿ. ಇದು ವಿಂಡೋಸ್ 10 ಇರುವ ಲ್ಯಾಪ್‌ಟಾಪುಗಳಲ್ಲಿ ಅತಿ ಸ್ಪಷ್ಟವಾಗಿ ಕಾಣುತ್ತದೆ. ಅಂಥ ಯಂತ್ರಗಳು ನಮ್ಮ ಮನೆ, ಕಾಲೇಜುಗಳಲ್ಲಿ ಇನ್ನೂ ಬೇಕಾದಷ್ಟಿವೆ. ಹಾಗಾಗಿ ಅದನ್ನೇ ಹಿಡಿದು ಹೇಳುತ್ತೇನೆ.

ಮೊದಲು ಒಂದು ವಿಷಯ ತಿಳಿದಿರಬೇಕು. ಪೇರ್ ಆಗುವುದು ಬೇರೆ, ಕನೆಕ್ಟ್ ಆಗುವುದು ಬೇರೆ. ಪೇರ್ ಆಗುವಾಗ ಎರಡು ಉಪಕರಣಗಳು ಒಂದು ಗುಪ್ತ ಕೀಲಿಯನ್ನು ಹಂಚಿಕೊಂಡು ಪರಸ್ಪರ ಗುರುತಿಟ್ಟುಕೊಳ್ಳುತ್ತವೆ, ಅಷ್ಟೆ. ಆಗ ಇನ್ನೂ ಶಬ್ದದ ಮಾತೇ ಇಲ್ಲ. ಬ್ಲೂಟೂತ್ ಸೆಟ್ಟಿಂಗ್ಸ್ ತೆರೆದಾಗ ಹೆಡ್‌ಸೆಟ್ಟಿನ ಕೆಳಗೆ ಬರೀ Paired ಎಂದಿದ್ದರೆ ಅದು ಸಂಪರ್ಕದಲ್ಲಿಲ್ಲ. Connected voice, music ಎಂದಿದ್ದರೆ ಮಾತಿನ ದಾರಿ, ಸಂಗೀತದ ದಾರಿ ಎರಡೂ ತೆರೆದಿವೆ. ಬರೀ Connected voice ಎಂದಿದ್ದರೆ ಸಂಗೀತದ ದಾರಿ ತೆರೆದೇ ಇಲ್ಲ. ಹಾಡು ಕೇಳಿಸದಿರುವುದಕ್ಕೆ ಕಾರಣ ಅಲ್ಲೇ ಸಿಕ್ಕಿತು. ಹೆಡ್‌ಸೆಟ್ಟನ್ನು ಪಟ್ಟಿಯಿಂದ ತೆಗೆದು ಮತ್ತೆ ಜೋಡಿಸುವುದು ನಿಜವಾಗಿ ಉಪಯೋಗಕ್ಕೆ ಬರುವುದು ಈ ಒಂದು ಸಂದರ್ಭದಲ್ಲಿ. ಆಂಡ್ರಾಯ್ಡ್ ಫೋನಿನಲ್ಲೂ ಇದೇ ವಿಭಾಗ ಇದೆ. ಹೆಡ್‌ಸೆಟ್ ಹೆಸರಿನ ಪಕ್ಕದ ಗೇರ್ ಚಿತ್ರ ಒತ್ತಿದರೆ Phone calls ಮತ್ತು Media audio ಎಂಬ ಎರಡು ಸ್ವಿಚ್ಚುಗಳು ಕಾಣುತ್ತವೆ. ಎರಡನೆಯದು ಆಫ್ ಆಗಿದ್ದರೆ ಕರೆ ಕೇಳುತ್ತದೆ, ಹಾಡು ಕೇಳುವುದಿಲ್ಲ.

ಮಾತಿಗೊಂದು ದಾರಿ, ಸಂಗೀತಕ್ಕೊಂದು ದಾರಿ ಏಕೆ ಬಂತು? ಬ್ಲೂಟೂತ್ ಹೆಡ್‌ಸೆಟ್ ಮೊದಲು ಬಂದದ್ದು ಫೋನಿನಲ್ಲಿ ಮಾತಾಡುವುದಕ್ಕಾಗಿ. ಅದಕ್ಕೆ ಬೇಕಾದದ್ದು ಎರಡೂ ಕಡೆಯಿಂದ ಏಕಕಾಲಕ್ಕೆ ಹರಿಯುವ ಮಾತು, ಒಂಚೂರೂ ತಡವಾಗಬಾರದು ಎಂಬ ಷರತ್ತು. ಧ್ವನಿಯ ಗುಣಮಟ್ಟ ಆಮೇಲಿನದು. ಎಚ್‌ಎಫ್‌ಪಿ ಎಂಬ ಪ್ರೊಫೈಲ್ ಆ ಕೆಲಸ ಮಾಡುತ್ತದೆ. ಹಳೆಯ ರೀತಿಯಲ್ಲಿ ಅದು ಧ್ವನಿಯನ್ನು ಸೆಕೆಂಡಿಗೆ 8,000 ಸಲ ಮಾತ್ರ ಅಳೆಯುತ್ತದೆ, 2011ರ ನಂತರದ ಸುಧಾರಿತ ರೀತಿಯಲ್ಲಿ 16,000 ಸಲ. ಸಿಡಿಯಲ್ಲಿ ಈ ಅಳತೆ 44,100. ಅದಕ್ಕೇ ಕರೆಯ ದಾರಿಯಲ್ಲಿ ಬಂದ ಹಾಡು ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ. ಎಡ ಕಿವಿ, ಬಲ ಕಿವಿ ಎಂಬ ಭೇದವೂ ಇರುವುದಿಲ್ಲ. ಸಂಗೀತಕ್ಕಾಗಿ ಎ2ಡಿಪಿ ಎಂಬ ಇನ್ನೊಂದು ಪ್ರೊಫೈಲ್ 2003ರಲ್ಲಿ ಬಂತು. ಇದರಲ್ಲಿ ಸ್ಟೀರಿಯೊ ಇದೆ, ಗುಣಮಟ್ಟವಿದೆ. ಆದರೆ ಇದು ಏಕಮುಖ ರಸ್ತೆ. ಕಂಪ್ಯೂಟರಿನಿಂದ ಕಿವಿಗೆ ಹಾಡು ಬರುತ್ತದೆ, ನಿಮ್ಮ ಮಾತು ಮೈಕಿನಿಂದ ಕಂಪ್ಯೂಟರಿಗೆ ಹೋಗಲು ಅದರಲ್ಲಿ ಜಾಗವೇ ಇಲ್ಲ.

ತೊಡಕಿನ ಬೇರು ಇರುವುದು ಇಲ್ಲಿ. ಯಾವುದಾದರೂ ಪ್ರೋಗ್ರಾಂ ಹೆಡ್‌ಸೆಟ್ಟಿನ ಮೈಕ್ ಕೇಳಿದ ಕೂಡಲೇ ಹೆಡ್‌ಸೆಟ್ ಕರೆಯ ದಾರಿಗೆ ಹೊರಳಲೇಬೇಕು. ಹೊರಳಿದ ಮೇಲೆ ಸಂಗೀತದ ದಾರಿ ನಿಂತುಹೋಗುತ್ತದೆ. ವಿಂಡೋಸ್ 10 ಈ ಎರಡು ದಾರಿಗಳನ್ನು ಎರಡು ಬೇರೆ ಉಪಕರಣಗಳೆಂದೇ ತೋರಿಸುತ್ತದೆ. ಸಂಗೀತದ್ದರ ಹೆಸರು Headphones ಎಂದು ಶುರುವಾಗಿ Stereo ಎಂದು ಮುಗಿಯುತ್ತದೆ, ಕರೆಯದ್ದು Headset ಎಂದು ಶುರುವಾಗಿ Hands-Free AG Audio ಎಂದು ಮುಗಿಯುತ್ತದೆ. ಕಿವಿಯಲ್ಲಿರುವುದು ಒಂದೇ ಹೆಡ್‌ಸೆಟ್, ಪಟ್ಟಿಯಲ್ಲಿರುವುದು ಎರಡು. ಒಂದು ಹೊತ್ತಿಗೆ ಎರಡರಲ್ಲಿ ಒಂದಕ್ಕೆ ಮಾತ್ರ ಜೀವ ಇರುತ್ತದೆ ಎಂಬುದನ್ನು ಪಟ್ಟಿ ಹೇಳುವುದಿಲ್ಲ.

ಇದರ ಜೊತೆಗೆ ವಿಂಡೋಸ್‌ನ ಇನ್ನೊಂದು ಏರ್ಪಾಡು ಸೇರಿಕೊಳ್ಳುತ್ತದೆ. ಅದರಲ್ಲಿ ಡೀಫಾಲ್ಟ್ ಉಪಕರಣ ಒಂದಲ್ಲ, ಎರಡು. ಹಾಡು, ಸಿನಿಮಾ, ಬ್ರೌಸರ್ ಶಬ್ದಗಳಿಗೆ ಒಂದು, ಮೀಟಿಂಗ್ ಮತ್ತು ಕರೆಯ ಪ್ರೋಗ್ರಾಂಗಳಿಗೆ ಇನ್ನೊಂದು. ಬ್ಲೂಟೂತ್ ಹೆಡ್‌ಸೆಟ್ ಬಂದಾಗ ವಿಂಡೋಸ್ ಸಾಮಾನ್ಯವಾಗಿ Stereo ಹೆಸರಿನದನ್ನು ಮೊದಲನೆಯದಕ್ಕೂ Hands-Free ಹೆಸರಿನದನ್ನು ಎರಡನೆಯದಕ್ಕೂ ಹಂಚಿಬಿಡುತ್ತದೆ. ಬೇರೆ ಬೇರೆಯಾಗಿ ನೋಡಿದರೆ ಎರಡೂ ಸರಿಯಾದ ಆಯ್ಕೆಗಳೇ. ಎರಡೂ ಒಟ್ಟಿಗೆ ಬೇಕಾದಾಗ ಜಗಳ ಶುರು.

ಪದವಿ ಕಾಲೇಜಿನ ಒಬ್ಬ ಉಪನ್ಯಾಸಕಿ ಫೋನ್ ಮಾಡಿ ಹೇಳಿದ್ದು ಇದೇ ತೊಂದರೆ. ಆನ್‌ಲೈನ್ ತರಗತಿ ನಡೆಸುತ್ತಾ ನಡುವೆ ಒಂದು ವಿಡಿಯೊ ತೋರಿಸುವುದು ಅವರ ಕ್ರಮ.

“ಮಕ್ಕಳು ಮಾತಾಡಿದ್ದು ಚೆನ್ನಾಗಿ ಕೇಳ್ಸುತ್ತೆ ಸರ್. ವಿಡಿಯೊ ಹಾಕಿದ್ರೆ ಮಾತ್ರ ನನಗೆ ಏನೂ ಕೇಳ್ಸಲ್ಲ. ತರಗತಿ ಮುಗಿಸಿ ಅದೇ ವಿಡಿಯೊ ಹಾಕಿದ್ರೆ ಕೇಳ್ಸುತ್ತೆ.”

“ಮೈಕ್ ಯಾವುದು ಇಟ್ಕೊಂಡಿದೀರ ಮೇಡಂ?”

“ಹೆಡ್‌ಸೆಟ್ಟಿಂದೇ.”

ತರಗತಿ ಮುಗಿದ ಮೇಲೆ ಕೇಳಿಸುತ್ತದೆ ಎಂಬ ಅವರ ಮಾತಿನಲ್ಲೇ ರೋಗದ ಹೆಸರಿತ್ತು. ಆದರೂ ಊಹೆಯ ಮೇಲೆ ಏನನ್ನೂ ಬದಲಿಸಬಾರದು, ಕಣ್ಣಾರೆ ನೋಡಬೇಕು. ಅದಕ್ಕೆ ವಿಂಡೋಸ್‌ನ ಹಳೆಯ ಸೌಂಡ್ ಕಿಟಕಿಯಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ವಿಂಡೋಸ್ ಕೀಲಿ ಹಿಡಿದು R ಒತ್ತಿ, ಬಂದ ಚೌಕದಲ್ಲಿ ಹೀಗೆ ಬರೆದು ಎಂಟರ್ ಒತ್ತಿದರೆ ಅದು ತೆರೆಯುತ್ತದೆ:

```
mmsys.cpl
```

Playback ಎಂಬ ಪುಟದಲ್ಲಿ ಶಬ್ದ ಹೊರಡಿಸುವ ಎಲ್ಲ ಉಪಕರಣಗಳ ಪಟ್ಟಿ ಇರುತ್ತದೆ. ಪ್ರತಿಯೊಂದರ ಬಲಕ್ಕೆ ಒಂದು ಸಣ್ಣ ನಿಲುವು ಪಟ್ಟಿ. ಆ ಉಪಕರಣದ ಕಡೆಗೆ ಶಬ್ದ ಹೋಗುತ್ತಿದ್ದರೆ ಆ ಪಟ್ಟಿಯಲ್ಲಿ ಹಸಿರು ಬಣ್ಣ ಏರಿಳಿಯುತ್ತದೆ. ಹಾಡು ಹಾಕಿ ಅದನ್ನೇ ನೋಡುತ್ತಾ ಕೂರಿ. ಹಸಿರು ಎಲ್ಲೂ ಏರದಿದ್ದರೆ ಪ್ರೋಗ್ರಾಂ ಶಬ್ದವನ್ನೇ ಹೊರಡಿಸುತ್ತಿಲ್ಲ. ಬ್ರೌಸರ್ ಟ್ಯಾಬ್ ಮ್ಯೂಟ್ ಆಗಿದೆಯೇ ಎಂದು ಹುಡುಕಬೇಕು. ಲ್ಯಾಪ್‌ಟಾಪ್ ಸ್ಪೀಕರಿನ ಅಥವಾ ಎಚ್‌ಡಿಎಂಐ ಕೇಬಲಿನಲ್ಲಿ ಸೇರಿಸಿದ ಮಾನಿಟರಿನ ಪಕ್ಕದಲ್ಲಿ ಏರಿದರೆ ಶಬ್ದ ದಾರಿ ತಪ್ಪಿ ಅಲ್ಲಿಗೆ ಹೋಗಿದೆ. ಹೆಡ್‌ಸೆಟ್ಟಿನ ಪಕ್ಕದಲ್ಲೇ ಏರುತ್ತಿದ್ದು ಕಿವಿಗೆ ಬರುತ್ತಿಲ್ಲವೆಂದರೆ ಪ್ರೊಫೈಲ್ ಜಗಳವನ್ನು ಅನುಮಾನಿಸಬೇಕು.

ಆ ಉಪನ್ಯಾಸಕಿ ತರಗತಿಯ ನಡುವೆಯೇ ಆ ಕಿಟಕಿ ತೆರೆದು ನೋಡಿದರು. ಮಕ್ಕಳು ಮಾತಾಡಿದಾಗ Hands-Free ಪಕ್ಕದಲ್ಲಿ ಹಸಿರು ಏರಿತು, ವಿಡಿಯೊ ಹಾಕಿದಾಗ Stereo ಪಕ್ಕದಲ್ಲಿ ಏರಿತು. ಒಂದೇ ಹೆಡ್‌ಸೆಟ್ಟಿನ ಎರಡು ಹೆಸರುಗಳ ಕಡೆಗೂ ಶಬ್ದ ಹೋಗುತ್ತಿದೆ, ಮೈಕ್ ತೆರೆದಿರುವುದರಿಂದ ಎರಡನೆಯದರ ದಾರಿ ಮುಚ್ಚಿದೆ.

ಪರಿಹಾರ ಎರಡು ಬಗೆಯದು, ಯಾವುದನ್ನು ಆರಿಸಿಕೊಂಡರೂ ಏನಾದರೊಂದನ್ನು ಬಿಟ್ಟುಕೊಡಬೇಕಾಗುತ್ತದೆ. ಮೊದಲನೆಯದು, ಮೀಟಿಂಗ್ ಪ್ರೋಗ್ರಾಂನ ಆಡಿಯೊ ಸೆಟ್ಟಿಂಗ್ಸ್‌ಗೆ ಹೋಗಿ ಮೈಕ್ ಜಾಗದಲ್ಲಿ ಲ್ಯಾಪ್‌ಟಾಪಿನದೇ ಮೈಕನ್ನೂ ಸ್ಪೀಕರ್ ಜಾಗದಲ್ಲಿ Stereo ಹೆಸರಿನದನ್ನೂ ಆರಿಸುವುದು. ಹೆಡ್‌ಸೆಟ್ಟಿನ ಮೈಕನ್ನು ಯಾರೂ ಕೇಳದ ಕಾರಣ ಅದು ಸಂಗೀತದ ದಾರಿಯಲ್ಲೇ ಉಳಿಯುತ್ತದೆ, ಮಕ್ಕಳ ಮಾತು, ವಿಡಿಯೊ ಎರಡೂ ಕೇಳುತ್ತವೆ. ಆದರೆ ಲ್ಯಾಪ್‌ಟಾಪಿನ ಮೈಕು ಮೇಲಿನ ಫ್ಯಾನಿನ ಸದ್ದನ್ನೂ ಕೀಬೋರ್ಡಿನ ಟಕಟಕವನ್ನೂ ಹಿಡಿಯುತ್ತದೆ. ಎರಡನೆಯದು, ಹೆಡ್‌ಸೆಟ್ಟಿನ ಮೈಕೇ ಬೇಕೆಂದರೆ ವಿಡಿಯೊದ ಶಬ್ದವನ್ನೂ Hands-Free ಕಡೆಗೇ ಕಳಿಸುವುದು. ಸೆಟ್ಟಿಂಗ್ಸ್‌ನಲ್ಲಿ System, ಅದರೊಳಗೆ Sound, ಅದರ ಕೆಳಭಾಗದಲ್ಲಿ App volume and device preferences ಎಂಬುದಿದೆ. ಅಲ್ಲಿ ಬ್ರೌಸರಿನ ಮುಂದೆ ಆ ಉಪಕರಣ ಆರಿಸಿದರೆ ಆಯಿತು. ಶಬ್ದದ ಗುಣಮಟ್ಟ ಕಡಿಮೆ, ಆದರೆ ಕೇಳುತ್ತದೆ. ಅವರು ಮೊದಲನೆಯದನ್ನೇ ಆರಿಸಿಕೊಂಡರು. ಮನೆ ಶಾಂತವಾಗಿದ್ದರೆ ನಾನೂ ಅದನ್ನೇ ಹೇಳುತ್ತೇನೆ.

ಈ App volume ಪುಟವೇ ಕೆಲವೊಮ್ಮೆ ತೊಂದರೆಯ ಮೂಲವೂ ಆಗಿರುತ್ತದೆ. ಹಿಂದೆ ಯಾವಾಗಲೋ ಒಂದು ಪ್ರೋಗ್ರಾಂಗೆ ಅಲ್ಲಿ ಬೇರೆ ಉಪಕರಣ ಆರಿಸಿದ್ದರೆ, ಆಮೇಲೆ ಡೀಫಾಲ್ಟ್ ಎಷ್ಟು ಬದಲಿಸಿದರೂ ಆ ಪ್ರೋಗ್ರಾಂ ಹಳೆಯದನ್ನೇ ಹಿಡಿದಿರುತ್ತದೆ. ಪುಟದ ಕೆಳಗಿರುವ Reset ಗುಂಡಿ ಅದನ್ನು ಸರಿಮಾಡುತ್ತದೆ. ಮತ್ತೊಂದು ಗಮನಿಸಬೇಕಾದ ಪುಟ ಅದೇ ಹಳೆಯ ಸೌಂಡ್ ಕಿಟಕಿಯ Communications. ಕರೆ ನಡೆಯುವಾಗ ಮಿಕ್ಕ ಶಬ್ದಗಳನ್ನು ಶೇಕಡಾ 80ರಷ್ಟು ತಗ್ಗಿಸು ಎಂಬ ಸೂಚನೆ ಅಲ್ಲಿ ಮೊದಲಿನಿಂದಲೇ ಆನ್ ಆಗಿರುತ್ತದೆ. ಹಾಡು ಪೂರ್ತಿ ನಿಂತಿಲ್ಲ, ತೀರಾ ಮೆಲ್ಲಗಾಗಿದೆ ಎನಿಸಿದರೆ Do nothing ಎಂಬುದಕ್ಕೆ ಬದಲಿಸಿ ನೋಡಿ.

ಮೀಟಿಂಗ್ ಏನೂ ಇಲ್ಲದಿರುವಾಗಲೂ ಶಬ್ದ ಡಬ್ಬದೊಳಗಿಂದ ಬಂದಂತೆ ಕೇಳಿದರೆ, ಅಥವಾ Stereo ಪೂರ್ತಿ ಮೌನವಾಗಿದ್ದರೆ, ಯಾವುದೋ ಪ್ರೋಗ್ರಾಂ ಹಿನ್ನೆಲೆಯಲ್ಲಿ ಮೈಕ್ ಹಿಡಿದುಕೊಂಡಿರಬಹುದು. ಮೈಕ್ ಬಳಕೆಯಲ್ಲಿದ್ದಾಗ ಗಡಿಯಾರದ ಬಳಿ ಸಣ್ಣ ಮೈಕ್ ಚಿತ್ರ ಮೂಡುತ್ತದೆ. ಅದರ ಮೇಲೆ ಮೌಸ್ ಇಟ್ಟರೆ ಹಿಡಿದವರ ಹೆಸರು ತಿಳಿಯುತ್ತದೆ. ಆ ಪ್ರೋಗ್ರಾಂ ಮುಚ್ಚಿದ ಕೆಲವೇ ಸೆಕೆಂಡುಗಳಲ್ಲಿ ಹಾಡು ಮರಳಿದರೆ ರೋಗ ಖಚಿತವಾಯಿತು. ಹೆಡ್‌ಸೆಟ್ಟಿನ ಮೈಕನ್ನು ಎಂದೂ ಬಳಸದವರು ಇದನ್ನು ಶಾಶ್ವತವಾಗಿ ಮುಗಿಸಬಹುದು. ಕಂಟ್ರೋಲ್ ಪ್ಯಾನೆಲ್‌ನಲ್ಲಿ Devices and Printers ತೆರೆದು, ಹೆಡ್‌ಸೆಟ್ ಮೇಲೆ ಬಲ ಕ್ಲಿಕ್ ಮಾಡಿ, Properties ಒಳಗಿನ Services ಪುಟದಲ್ಲಿ Hands-Free Telephony ಮುಂದಿನ ಗುರುತು ತೆಗೆಯಬೇಕು. ಪಟ್ಟಿಯಲ್ಲಿ ಒಂದೇ ಹೆಸರು ಉಳಿಯುತ್ತದೆ, ಮೈಕು ಈ ಲ್ಯಾಪ್‌ಟಾಪಿನ ಮಟ್ಟಿಗೆ ಇಲ್ಲವಾಗುತ್ತದೆ. ಫೋನಿನಲ್ಲಿ ಅದು ಎಂದಿನಂತೆ ಕೆಲಸ ಮಾಡುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಕೇಳಿಸದಿದ್ದರೆ ಫೋನಿನ ಬ್ಲೂಟೂತ್ ಆರಿಸಿ ನೋಡಬೇಕು. ಈಚಿನ ಹಲವು ಹೆಡ್‌ಸೆಟ್‌ಗಳು ಏಕಕಾಲಕ್ಕೆ ಎರಡು ಉಪಕರಣಗಳ ಜೊತೆ ಸಂಪರ್ಕದಲ್ಲಿರುತ್ತವೆ. ಜೇಬಿನಲ್ಲಿರುವ ಫೋನು ಹೆಡ್‌ಸೆಟ್ಟನ್ನು ತನ್ನ ಕಡೆ ಸೆಳೆದುಕೊಂಡಿದ್ದರೆ ಲ್ಯಾಪ್‌ಟಾಪಿನಲ್ಲಿ ಹಸಿರು ಪಟ್ಟಿ ಏರುತ್ತಲೇ ಇರುತ್ತದೆ, ಕಿವಿಗೆ ಏನೂ ಬರುವುದಿಲ್ಲ.

ವಿಂಡೋಸ್ 11 ಎರಡು ಹೆಸರುಗಳನ್ನು ಸೇರಿಸಿ ಒಂದೇ ಮಾಡಿದೆ, ಬದಲಾವಣೆಯನ್ನು ತಾನೇ ನೋಡಿಕೊಳ್ಳುತ್ತದೆ. ಹಾಗಾಗಿ ಪೂರ್ಣ ಮೌನದ ದೂರು ಅಲ್ಲಿ ಕಡಿಮೆ. ಆದರೆ ಒಳಗಿನ ದಾರಿಗಳು ಅವೇ ಎರಡು. ಮೈಕ್ ತೆರೆದ ಕೂಡಲೇ ಹಾಡಿನ ಗುಣಮಟ್ಟ ಕುಸಿಯುವುದು ಅಲ್ಲೂ ತಪ್ಪಿಲ್ಲ. ಈ ಮಿತಿಯನ್ನು ಬುಡದಿಂದ ತೆಗೆಯಲೆಂದು 2020ರಲ್ಲಿ ಪ್ರಕಟವಾದದ್ದು ಎಲ್‌ಇ ಆಡಿಯೊ. ಅದರಲ್ಲಿ ಮೈಕ್ ತೆರೆದಿರುವಾಗಲೂ ಒಳ್ಳೆಯ ಗುಣಮಟ್ಟದ ಸ್ಟೀರಿಯೊ ಸಾಧ್ಯ. ಹೆಡ್‌ಸೆಟ್ಟಿನ ಡಬ್ಬದ ಮೇಲೆ ಆ ಹೆಸರಿದ್ದ ಮಾತ್ರಕ್ಕೆ ಸಾಲದು, ಲ್ಯಾಪ್‌ಟಾಪಿನ ಬ್ಲೂಟೂತ್ ಚಿಪ್, ಅದರ ಡ್ರೈವರ್, ವಿಂಡೋಸ್ ಮೂರಕ್ಕೂ ಅದು ಗೊತ್ತಿರಬೇಕು. ಹೊಸ ವಿಂಡೋಸ್ 11ರಲ್ಲಿ ಬ್ಲೂಟೂತ್ ಸೆಟ್ಟಿಂಗ್ಸ್ ಒಳಗೆ Use LE Audio when available ಎಂಬ ಸ್ವಿಚ್ ಕಂಡರೆ ಯಂತ್ರದ ಕಡೆಯಿಂದ ಸಿದ್ಧತೆ ಇದೆ. ಹೊಸ ಹೆಡ್‌ಸೆಟ್ಟಿಗೆ ದುಡ್ಡು ಕೊಡುವ ಮೊದಲು ಆ ಸ್ವಿಚ್ ಇದೆಯೇ ಎಂದು ನೋಡಿಕೊಳ್ಳಿ.