ಫೋಟೊದೊಳಗಿನ ಬೆಳಕಿನ ಕಲೆಗಳು

ಆಮ್‌ಸ್ಟರ್‌ಡ್ಯಾಮಿನಿಂದ ಕ್ವಾಲಾಲಂಪುರಕ್ಕೆ ಹೊರಟಿದ್ದ ಎಂಎಚ್17 ವಿಮಾನ 2014ರ ಜುಲೈ 17ರಂದು ಪೂರ್ವ ಉಕ್ರೇನಿನ ಮೇಲೆ ಕ್ಷಿಪಣಿಗೆ ಸಿಕ್ಕಿ ಉರುಳಿತು. ಅದರಲ್ಲಿದ್ದ 298 ಜನರೂ ಸತ್ತರು. ನಾಲ್ಕು ದಿನಗಳ ನಂತರ ರಷ್ಯದ ರಕ್ಷಣಾ ಸಚಿವಾಲಯ ಕೆಲವು ಉಪಗ್ರಹ ಚಿತ್ರಗಳನ್ನು ಹೊರಹಾಕಿ, ಉಕ್ರೇನಿನ ಕ್ಷಿಪಣಿ ವಾಹನಗಳ ಓಡಾಟಕ್ಕೆ ಇವೇ ಸಾಕ್ಷಿ ಎಂದಿತು. ಮರುವರ್ಷ, 2015ರ ಮೇ 31ರಂದು, ಬೆಲಿಂಗ್‌ಕ್ಯಾಟ್ ಎಂಬ ತನಿಖಾ ಬಳಗ ಆ ಚಿತ್ರಗಳನ್ನು ಅಳೆದು ಸುರಿದು ಒಂದು ವರದಿ ಪ್ರಕಟಿಸಿತು. ಚಿತ್ರಗಳಿಗೆ ಹಾಕಿದ ದಿನಾಂಕ ಸುಳ್ಳು, ಅಲ್ಲದೆ ಒಂದು ಚಿತ್ರದಲ್ಲಿರುವ ಮೋಡಗಳನ್ನು ಫೋಟೊಶಾಪಿನಲ್ಲಿ ಸೇರಿಸಿರುವ ಸಾಧ್ಯತೆ ಬಹಳ ಹೆಚ್ಚು ಎಂಬುದು ಅದರ ತೀರ್ಮಾನ. ಮೋಡಗಳ ಮಾತಿಗೆ ಆಧಾರವಾಗಿದ್ದು ಎರರ್ ಲೆವೆಲ್ ಅನಾಲಿಸಿಸ್, ಅಂದರೆ ಇಎಲ್ಎ ಎಂಬ ಪರೀಕ್ಷೆ. ಮೋಡವಿದ್ದ ಭಾಗ ಒಂದು ಬಗೆಯಾಗಿಯೂ ನೆಲದ ಭಾಗ ಇನ್ನೊಂದು ಬಗೆಯಾಗಿಯೂ ಕಾಣುತ್ತಿತ್ತು.

ಚಿತ್ರ ಪರೀಕ್ಷೆಯಲ್ಲಿ ಪಳಗಿದವರು ಕೂಡಲೇ ಆಕ್ಷೇಪ ಎತ್ತಿದರು. ಜರ್ಮನಿಯ ಯೆನ್ಸ್ ಕ್ರೀಸೆ ‘ಡೆರ್ ಷ್ಪೀಗೆಲ್’ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ಇದನ್ನು ಶಕುನ ಓದುವ ಕೆಲಸಕ್ಕೆ ಸಮ ಎಂದರು. ಈ ಪರೀಕ್ಷೆಯನ್ನು 2007ರ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ಜಗತ್ತಿನ ಮುಂದಿಟ್ಟವರು, ಬೆಲಿಂಗ್‌ಕ್ಯಾಟ್ ಬಳಸಿದ್ದ ಫೋಟೊಫೊರೆನ್ಸಿಕ್ಸ್ ತಾಣವನ್ನು ಕಟ್ಟಿದವರು ನೀಲ್ ಕ್ರಾವೆಟ್ಜ್. ಅವರೂ ಈ ಓದು ಸರಿಯಲ್ಲವೆಂದರು. ಉಪಕರಣ ಅವರದೇ, ಚಿತ್ರವೂ ಎಲ್ಲರ ಕಣ್ಣೆದುರೇ ಇತ್ತು. ಹಾಗಿದ್ದೂ ಓದು ತಪ್ಪಿದ್ದು ಯಾಕೆಂದು ತಿಳಿಯಲು ಜೆಪೆಗ್ ಫೈಲಿನ ಒಳಗೆ ಸ್ವಲ್ಪ ಹೊಕ್ಕು ನೋಡಬೇಕು.

ಫೋನಿನಲ್ಲಿ ತೆಗೆದ ಫೋಟೊ ಜೆಪೆಗ್ ಆಗಿ ಉಳಿಯುವಾಗ ಅದನ್ನು ಉದ್ದಕ್ಕೆ ಎಂಟು, ಅಗಲಕ್ಕೆ ಎಂಟು ಚುಕ್ಕಿಗಳ ಪುಟ್ಟ ಚೌಕಗಳಾಗಿ ಕತ್ತರಿಸಲಾಗುತ್ತದೆ. ಒಂದೊಂದು ಚೌಕಕ್ಕೂ 64 ಅಂಕಿಗಳು. ಮೊದಲನೆಯದು ಆ ಚೌಕದ ಸರಾಸರಿ ಬೆಳಕು. ಉಳಿದ 63 ಅಂಕಿಗಳು ಚೌಕದೊಳಗಿನ ಏರಿಳಿತವನ್ನು ಹೇಳುತ್ತವೆ: ನಿಧಾನವಾಗಿ ಬದಲಾಗುವ ನೆರಳಿನಿಂದ ಹಿಡಿದು ಎಲೆಯ ನರದಂಥ ಸಣ್ಣ ಗೀರಿನವರೆಗೆ. ಫೈಲು ಚಿಕ್ಕದಾಗಬೇಕಲ್ಲ, ಅದಕ್ಕಾಗಿ ಈ ಅಂಕಿಗಳನ್ನು ನಿಗದಿತ ಹೆಜ್ಜೆಗೆ ಸರಿಹೊಂದಿಸುತ್ತಾರೆ. ಹೆಜ್ಜೆ 6 ಎಂದಿಟ್ಟುಕೊಂಡರೆ 43 ಎಂಬ ಅಂಕಿ 42 ಆಗುತ್ತದೆ, ಏಕೆಂದರೆ ಆರರ ಮಗ್ಗಿಯಲ್ಲಿ ಹತ್ತಿರದ್ದು ಅದೇ. ಅದೇ ಹೆಜ್ಜೆಯಲ್ಲಿ 2 ಎಂಬ ಅಂಕಿ ಸೊನ್ನೆಯಾಗಿಬಿಡುತ್ತದೆ. ಗುಣಮಟ್ಟ ಇಳಿಸಿದಷ್ಟೂ ಹೆಜ್ಜೆ ದೊಡ್ಡದಾಗುತ್ತದೆ, ಸೊನ್ನೆಗಳು ಹೆಚ್ಚುತ್ತವೆ.

ಇಎಲ್ಎ ಮಾಡುವುದು ಇಷ್ಟೇ. ಕೈಯಲ್ಲಿರುವ ಫೋಟೊವನ್ನು ಗೊತ್ತಾದ ಒಂದು ಗುಣಮಟ್ಟದಲ್ಲಿ, ಸಾಮಾನ್ಯವಾಗಿ ಶೇಕಡಾ 95ರ ಆಸುಪಾಸಿನಲ್ಲಿ, ಇನ್ನೊಮ್ಮೆ ಉಳಿಸುತ್ತದೆ. ಹಳೆಯದಕ್ಕೂ ಹೊಸದಕ್ಕೂ ಚುಕ್ಕಿ ಚುಕ್ಕಿಗೂ ಎಷ್ಟು ವ್ಯತ್ಯಾಸ ಬಂತೆಂದು ಕಳೆದು ನೋಡುತ್ತದೆ. ಆ ವ್ಯತ್ಯಾಸ ಬರಿಗಣ್ಣಿಗೆ ಕಾಣದಷ್ಟು ಸಣ್ಣದು, 255ರ ಅಳತೆಯಲ್ಲಿ ಎರಡೋ ಮೂರೋ. ಹಾಗಾಗಿ ಅದನ್ನು ಹಲವು ಪಟ್ಟು ಹಿಗ್ಗಿಸಿ ಕಪ್ಪು ಹಿನ್ನೆಲೆಯ ಮೇಲೆ ತೋರಿಸುತ್ತದೆ. ಬದಲಾಗದ ಜಾಗ ಕಪ್ಪು. ಹೆಚ್ಚು ಬದಲಾದ ಜಾಗ ಬೆಳಕು.

ಯಾವ ಜಾಗ ಹೆಚ್ಚು ಬದಲಾಗುತ್ತದೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ, ಅದರ ಉತ್ತರ ಆ ಸೊನ್ನೆಗಳಲ್ಲಿದೆ. ಎರಡನೇ ಸಲ ಉಳಿಸುವಾಗ ಹೆಜ್ಜೆ 5 ಎಂದುಕೊಳ್ಳಿ. ಮೊದಲು 42 ಆಗಿದ್ದ ಅಂಕಿ ಈಗ 40 ಆಗುತ್ತದೆ, ಅಲ್ಲಿಗೆ ಎರಡರ ವ್ಯತ್ಯಾಸ. ಸೊನ್ನೆ ಮಾತ್ರ ಯಾವ ಹೆಜ್ಜೆಗೆ ಹೊಂದಿಸಿದರೂ ಸೊನ್ನೆಯೇ, ಅದರಲ್ಲಿ ವ್ಯತ್ಯಾಸ ಹುಟ್ಟುವುದಿಲ್ಲ. ತಿಳಿ ಆಕಾಶದ ಒಂದು ಚೌಕ ತೆಗೆದುಕೊಳ್ಳಿ. ಅದರಲ್ಲಿ ಏರಿಳಿತವಿಲ್ಲ, ಮೊದಲ ಸಲ ಉಳಿಸಿದಾಗಲೇ 63ರಲ್ಲಿ ಬಹುಪಾಲು ಸೊನ್ನೆಯಾಗಿರುತ್ತವೆ. ಹಾಗಾಗಿ ಇಎಲ್ಎಯಲ್ಲಿ ಆಕಾಶ ಕಪ್ಪು. ಅದೇ ಒಂದು ಮಾವಿನ ಮರದ ಎಲೆಗಳ ನಡುವಿನ ಚೌಕದಲ್ಲಿ ಹತ್ತಾರು ಅಂಕಿಗಳು ಇನ್ನೂ ಜೀವಂತ ಇರುತ್ತವೆ. ಒಂದೊಂದೂ ಅಷ್ಟಿಷ್ಟು ಅಲುಗಿದರೆ ಸಾಕು, ಎಲ್ಲ ಸೇರಿ ಮರ ಫಳಫಳ ಹೊಳೆಯುತ್ತದೆ. ಯಾರೂ ಆ ಮರವನ್ನು ಅಂಟಿಸಿಲ್ಲ. ಇಎಲ್ಎಯ ಬೆಳಕು ಮೊಟ್ಟಮೊದಲು ಹೇಳುವುದು ‘ಇಲ್ಲಿ ವಿವರ ಹೆಚ್ಚಿದೆ’ ಎಂಬುದನ್ನು. ತಿದ್ದುಪಡಿಯ ಮಾತು ಆಮೇಲಿನದು, ಅದೂ ಇದ್ದರೆ.

ಉಪಗ್ರಹ ಚಿತ್ರದ ಮೋಡಗಳನ್ನು ಈ ತಿಳಿವಳಿಕೆಯೊಂದಿಗೆ ಮತ್ತೆ ನೋಡೋಣ. ಮೋಡ ಎಂದರೆ ಬಿಳಿ, ಮೃದು, ಒಳಗೆ ಗೆರೆಯಿಲ್ಲದ ಹರಹು. ಅದರ ಪಕ್ಕದ ನೆಲದಲ್ಲಿ ದಾರಿ, ಹೊಲದ ಅಂಚು, ಕಟ್ಟಡ, ಗಿಡಗಂಟಿ ಎಲ್ಲ ಇವೆ. ಕ್ಯಾಮೆರಾದಿಂದ ನೇರವಾಗಿ ಬಂದು ಯಾರ ಕೈಯೂ ತಾಗದ ಚಿತ್ರದಲ್ಲೂ ಇವೆರಡು ಬೇರೆ ಬೇರೆಯಾಗಿಯೇ ಕಾಣಬೇಕು. ಅಂದಮೇಲೆ ಆ ಭಿನ್ನತೆಯಿಂದ ಮೋಡ ಸೇರಿಸಿದ್ದಾರೆಂದೂ ಹೇಳಲಾಗದು, ಸೇರಿಸಿಲ್ಲವೆಂದೂ ಹೇಳಲಾಗದು. ಫೈಲಿನಲ್ಲಿ ಫೋಟೊಶಾಪಿನ ಹೆಸರು ಸಿಕ್ಕಿದ್ದೂ ಹೆಚ್ಚೇನನ್ನು ಸಾಬೀತುಮಾಡುವುದಿಲ್ಲ. ಚಿತ್ರದ ಮೇಲೆ ಬಾಣ, ಚೌಕಟ್ಟು, ಬರಹಗಳನ್ನು ಕೂರಿಸಲು ಯಾವುದಾದರೂ ತಂತ್ರಾಂಶ ಬೇಕೇಬೇಕು.

ಆ ವರದಿಯ ಇನ್ನೊಂದು ಭಾಗ ಮಾತ್ರ ಗಟ್ಟಿಯಾಗಿತ್ತು ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅದೇ ಜಾಗದ ಬೇರೆ ಬೇರೆ ದಿನಗಳ ಚಿತ್ರಗಳನ್ನು ಗೂಗಲ್ ಅರ್ತ್‌ನಲ್ಲಿ ಹುಡುಕಿ, ಅಷ್ಟು ಹೊತ್ತಿಗೆ ತೆರವಾಗಿದ್ದ ಗಿಡಗಂಟಿ ರಷ್ಯದ ಚಿತ್ರದಲ್ಲಿ ಇನ್ನೂ ಹಾಗೇ ಇರುವುದನ್ನು ಅವರು ತೋರಿಸಿದ್ದರು. ಚಿತ್ರ ಹೇಳಿದ ದಿನದ್ದಲ್ಲ, ಅದಕ್ಕೂ ಹಿಂದಿನದು ಎಂಬ ವಾದ ನಿಂತಿದ್ದು ಅದರ ಮೇಲೆ. ಯಾರು ಬೇಕಾದರೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದಾದ ಸಾಕ್ಷಿ ಅದು. ಮೋಡಗಳ ಮೇಲಿನ ಅವಸರದ ಓದು ಆ ಒಳ್ಳೆಯ ಕೆಲಸವನ್ನೂ ಜಗಳದ ಧೂಳಿನಲ್ಲಿ ಮುಚ್ಚಿತು ಎಂಬುದು ನನಗೆ ಇಂದಿಗೂ ಬೇಸರದ ಸಂಗತಿ.

ಹಾಗಾದರೆ ಇಎಲ್ಎಗೆ ಯಾವಾಗ ಬೆಲೆ? ಪ್ರತಿಭಟನೆಯಲ್ಲಿ ಒಬ್ಬರು ಫಲಕ ಹಿಡಿದು ನಿಂತ ಫೋಟೊ ನಿಮ್ಮ ಮುಂದಿದೆ ಎಂದುಕೊಳ್ಳಿ. ಫಲಕದ ಬರಹವನ್ನು ಯಾರೋ ಬದಲಿಸಿದ್ದಾರೆಂಬ ಅನುಮಾನ. ಮೂಲ ಫೋಟೊ ಒಮ್ಮೆ ಜೆಪೆಗ್ ಆಗಿ ಉಳಿದಿತ್ತು, ಆಗಲೇ ಅದರ ಸಣ್ಣಪುಟ್ಟ ಅಂಕಿಗಳು ಸೊನ್ನೆಯಾಗಿವೆ. ತಿದ್ದಿದವರು ಅದನ್ನು ತೆರೆದು, ಹೊಸ ಅಕ್ಷರಗಳನ್ನು ಕೂರಿಸಿ, ಉತ್ತಮ ಗುಣಮಟ್ಟದಲ್ಲಿ ಮತ್ತೆ ಉಳಿಸಿದರು. ಈಗ ಹಳೆಯ ಭಾಗ ಎರಡು ಸಲ ಹಿಂಡಿಸಿಕೊಂಡಿದೆ, ಹೊಸ ಅಕ್ಷರಗಳು ಒಂದೇ ಸಲ. ಹೊಸ ಅಕ್ಷರಗಳ ಚೌಕಗಳಲ್ಲಿ ಸಣ್ಣ ಅಂಕಿಗಳು ಇನ್ನೂ ಉಳಿದಿವೆ, ಆದ್ದರಿಂದ ಇಎಲ್ಎಯಲ್ಲಿ ಅವು ಹೆಚ್ಚು ಬೆಳಗುತ್ತವೆ.

ಹೊಸಬರು ಇಲ್ಲಿ ಅಕ್ಷರಗಳನ್ನು ಅದರ ಹಿಂದಿನ ಬಿಳಿ ಹಲಗೆಯೊಂದಿಗೆ ಹೋಲಿಸಿ ‘ಸಿಕ್ಕಿತು’ ಎನ್ನುತ್ತಾರೆ. ಬಿಳಿಯ ಮೇಲಿನ ಕಪ್ಪು ಅಕ್ಷರದ ಅಂಚು ಎಲ್ಲಿದ್ದರೂ ಬೆಳಗುತ್ತದೆ, ತಿದ್ದಿರಲಿ ಬಿಡಲಿ. ಹೋಲಿಸಬೇಕಾದ್ದು ಅಕ್ಷರವನ್ನು ಅಕ್ಷರದೊಂದಿಗೆ. ಅದೇ ಫೋಟೊದಲ್ಲಿ ಪಕ್ಕದವರ ಫಲಕವಿದೆಯೇ, ಹಿಂದೆ ಅಂಗಡಿಯ ಬೋರ್ಡಿದೆಯೇ ನೋಡಿ. ಅಷ್ಟೇ ದಪ್ಪ, ಅಷ್ಟೇ ಕಪ್ಪು ಅಕ್ಷರಗಳು ಅಲ್ಲಿ ಮಂಕಾಗಿದ್ದು ಇಲ್ಲಿ ಮಾತ್ರ ಹೊಳೆದರೆ ಪ್ರಶ್ನೆ ಎತ್ತಲು ಕಾರಣವಿದೆ. ಆಗಲೂ ಒಂದು ಎಚ್ಚರ ಬೇಕು. ಹಿಂದಿನ ಬೋರ್ಡು ಫೋಕಸ್ ತಪ್ಪಿ ಮಸುಕಾಗಿದ್ದರೆ ಅದರ ಅಂಚುಗಳು ಮೆದುವಾಗಿ ಮಂಕು ಬೆಳಕೇ ಬರುತ್ತದೆ, ಫೋಕಸಿನಲ್ಲಿರುವ ಫಲಕದ್ದು ಸಹಜವಾಗಿಯೇ ಹೆಚ್ಚು. ಅಂಚಿಗೆ ಅಂಚು, ನುಣುಪಿಗೆ ನುಣುಪು, ಒರಟಿಗೆ ಒರಟು, ಅದೂ ಒಂದೇ ಮಟ್ಟದ ಫೋಕಸಿನಲ್ಲಿ. ಇದಕ್ಕೆ ಹೊರತಾದ ಹೋಲಿಕೆಯಿಂದ ತೀರ್ಮಾನ ಹೊರಡಿಸಬಾರದು.

ಬಣ್ಣವೂ ದಾರಿ ತಪ್ಪಿಸುತ್ತದೆ. ಜೆಪೆಗ್ ಬೆಳಕನ್ನೂ ಬಣ್ಣವನ್ನೂ ಬೇರೆ ಬೇರೆಯಾಗಿ ಇಡುತ್ತದೆ, ಬಣ್ಣಕ್ಕೆ ಸಾಮಾನ್ಯವಾಗಿ ಕಡಿಮೆ ವಿವರ ಕೊಡುತ್ತದೆ. ಹಾಗಾಗಿ ಗಾಢ ಕೆಂಪು ಅಥವಾ ನೀಲಿ ಬೇರೆ ಬಣ್ಣಕ್ಕೆ ತಾಗುವ ಕಡೆ ಮರು ಉಳಿಕೆಯಲ್ಲಿ ಏರುಪೇರು ಹೆಚ್ಚು. ಕೆಂಪು ಸೀರೆ ಉಟ್ಟವರೊಬ್ಬರು ಗುಂಪಿನ ನಡುವೆ ಮಿನುಗಿದರೆ ಅವರನ್ನು ಹೊರಗಿನಿಂದ ತಂದು ನಿಲ್ಲಿಸಿದ್ದಾರೆಂದು ಅರ್ಥವಲ್ಲ. ಇನ್ನು ಇಡೀ ಫೋಟೊವನ್ನು ಶಾರ್ಪ್ ಮಾಡಿದ್ದರೆ ಎಲ್ಲ ಅಂಚುಗಳೂ ಒಟ್ಟಿಗೆ ಬೆಳಗುತ್ತವೆ. ಅದರಿಂದ ತಿಳಿಯುವುದು ಫೋಟೊ ಯಾವುದೋ ತಂತ್ರಾಂಶದ ಮೂಲಕ ಹಾದಿರಬಹುದು ಎಂಬುದಷ್ಟೇ. ಕೆಲವು ಫೋನುಗಳು ತಾವಾಗಿಯೇ ಈ ಕೆಲಸ ಮಾಡುತ್ತವೆ.

ಇದಕ್ಕಿಂತ ಅಪಾಯದ ತಪ್ಪು ಕಪ್ಪನ್ನು ಓದುವುದರಲ್ಲಿದೆ. ಇಎಲ್ಎಯಲ್ಲಿ ಎಲ್ಲೂ ಕಲೆ ಕಾಣಲಿಲ್ಲ, ಆದ್ದರಿಂದ ಫೋಟೊ ಅಸಲಿ ಎಂದು ಹೇಳುವವರಿದ್ದಾರೆ. ಫಲಕದ ಆ ಫೋಟೊವನ್ನು ವಾಟ್ಸ್ಆ್ಯಪಿನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಅಳತೆಯಲ್ಲಿ ಕುಗ್ಗಿ ಮತ್ತೆ ಜೆಪೆಗ್ ಆಗುತ್ತದೆ. ಅಳತೆ ಬದಲಾದಾಗ ಹಳೆಯ ಎಂಟೆಂಟರ ಚೌಕಗಳೇ ಕಲಸಿಹೋಗುತ್ತವೆ. ದೊಡ್ಡ ಹೆಜ್ಜೆಯ ಹೊಸ ಹಿಂಡುವಿಕೆ ಹಳೆಯ ಭಾಗದಲ್ಲೂ ಹೊಸ ಅಕ್ಷರದಲ್ಲೂ ಉಳಿದಿದ್ದ ಸಣ್ಣ ಅಂಕಿಗಳನ್ನು ಒಂದೇ ಸಮ ಅಳಿಸುತ್ತದೆ. ಎರಡು ಸಲ, ಒಂದು ಸಲ ಎಂಬ ಚರಿತ್ರೆ ಅಲ್ಲಿಗೆ ಮುಗಿಯಿತು. ಸುಳ್ಳು ಬರಹ ಫೋಟೊದಲ್ಲಿ ಹಾಗೇ ಇರುತ್ತದೆ, ಇಎಲ್ಎ ಮಾತ್ರ ತಣ್ಣಗೆ ಕಪ್ಪು ತೋರಿಸುತ್ತದೆ. ಸ್ಕ್ರೀನ್‌ಶಾಟಿನ ಕಥೆಯೂ ಇದೇ: ಅದರಲ್ಲಿರುವುದು ಪರದೆಯ ಚರಿತ್ರೆ, ಫೋಟೊದ್ದಲ್ಲ.

ಹಾಗಾಗಿ ಈ ಪರೀಕ್ಷೆಗೆ ಕೂರುವ ಮೊದಲ ಕೆಲಸ ಆ ಫೋಟೊದ ಅತ್ಯಂತ ಹಳೆಯ, ಅತ್ಯಂತ ದೊಡ್ಡ ಪ್ರತಿಯನ್ನು ಹುಡುಕುವುದು. ಫೋಟೊ ತೆಗೆದವರು ಗೊತ್ತಿದ್ದರೆ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಕೇಳಬೇಕು, ಹಾಗೆ ಕಳಿಸಿದ ಫೈಲನ್ನು ವಾಟ್ಸ್ಆ್ಯಪ್ ಕುಗ್ಗಿಸುವುದಿಲ್ಲ. ಗೊತ್ತಿಲ್ಲದಿದ್ದರೆ ಗೂಗಲ್ ಲೆನ್ಸ್ ಅಥವಾ ಟಿನ್‌ಐನಲ್ಲಿ ಚಿತ್ರವನ್ನೇ ಹಾಕಿ ಹುಡುಕಿದಾಗ ಬೇರೆ ಬರಹವಿರುವ ಮೂಲ ಫಲಕ ಎಷ್ಟೋ ಸಲ ಅಲ್ಲೇ ಎದುರಾಗುತ್ತದೆ. ಅದು ಸಿಕ್ಕ ಮೇಲೆ ಇಎಲ್ಎಯ ಅಗತ್ಯವೇ ಬೀಳುವುದಿಲ್ಲ.