ನಲವತ್ತೆಂಟು ಸಾಲದು, ಒಂಬತ್ತು ಸಾಕು

ಚನ್ನಪಟ್ಟಣದ ಮರದ ಆಟಿಕೆಗಳನ್ನು ಆನ್‌ಲೈನ್‌ನಲ್ಲಿ ಮಾರುವ ಒಂದು ಸಣ್ಣ ಅಂಗಡಿ ಅಂದುಕೊಳ್ಳಿ. ಅಕ್ಕ ಬೆಂಗಳೂರಿನಲ್ಲಿ ಕೂತು ಆರ್ಡರು, ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ತಮ್ಮ ಊರಲ್ಲೇ ಇದ್ದು, ಕಸುಬಿನವರಿಂದ ಮಾಲು ತಂದು, ಪ್ಯಾಕ್ ಮಾಡಿ ಕೊರಿಯರ್‌ನವರ ಕೈಗೆ ಕೊಡುತ್ತಾನೆ. ಅಂಗಡಿ ನಡೆಯುವುದು ಶಾಪಿಫೈನಲ್ಲಿ. ವಾರಕ್ಕೊಮ್ಮೆ ಅಕ್ಕ ಅದರ Inventory ಪುಟದ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್ಆ್ಯಪ್‌ಗೆ ಹಾಕುತ್ತಾಳೆ. ಕೆಳಗೆ ಒಂದೇ ಸಾಲು: "ಏನೇನು ತರಿಸ್ಬೇಕು ನೋಡೋ."

ಚಿತ್ರದಲ್ಲಿ ಇರುವುದಿಷ್ಟು:

| ಸಾಮಾನು | Unavailable | Committed | Available | On hand | Incoming |
|---|---|---|---|---|---|
| ಬುಗುರಿ | 0 | 6 | 48 | 54 | 0 |
| ಗಿಲಕಿ | 2 | 3 | 19 | 24 | 40 |
| ಉಂಗುರದ ಗೋಪುರ | 0 | 1 | 9 | 10 | 0 |
| ಅಡುಗೆ ಸೆಟ್ | 4 | 0 | 11 | 15 | 0 |
| ರೈಲು | 0 | 5 | -5 | 0 | 60 |

ಹತ್ತರಲ್ಲಿ ಒಂಬತ್ತು ಜನ ಮಾಡುವುದು ಒಂದೇ ಕೆಲಸ. Available ಸಾಲಿನಲ್ಲಿ ಕಣ್ಣಾಡಿಸಿ, ಚಿಕ್ಕ ಅಂಕಿ ಎಲ್ಲಿದೆಯೋ ಅದನ್ನು ತರಿಸುತ್ತಾರೆ. ಹಾಗೆ ನೋಡಿದರೆ ರೈಲು ಮತ್ತು ಉಂಗುರದ ಗೋಪುರ ತುರ್ತು, ಬುಗುರಿ ಬೇಕಾದಷ್ಟಿದೆ. ನಿಜ ಇದಕ್ಕೆ ಪೂರಾ ಉಲ್ಟಾ. ಈ ಐದರಲ್ಲಿ ಇವತ್ತೇ ಆರ್ಡರ್ ಕೊಡಬೇಕಾದ್ದು ಬುಗುರಿಗೆ ಮತ್ತು ಅಡುಗೆ ಸೆಟ್‌ಗೆ. ಅದು ಹೇಗೆಂದು ಬಿಡಿಸಿ ನೋಡಬಹುದು.

ಮೊದಲು ಕಾಲಂಗಳ ಅರ್ಥ. On hand ಅಂದರೆ ಗೋಡೌನ್‌ನಲ್ಲಿ ಕೈಗೆ ಸಿಗುವ ಒಟ್ಟು ಮಾಲು. ಅದರಲ್ಲಿ Committed ಎಂಬಷ್ಟು ಆಗಲೇ ಮಾರಿಹೋಗಿದೆ, ಇನ್ನೂ ಕಳಿಸಿಲ್ಲ ಅಷ್ಟೆ. Unavailable ಅಂದರೆ ಮುರಿದದ್ದು, ಬಣ್ಣ ಕೆಟ್ಟದ್ದು, ಪರೀಕ್ಷೆಗೆಂದು ಎತ್ತಿಟ್ಟದ್ದು. ಇವೆರಡನ್ನೂ ಕಳೆದು ಉಳಿಯುವುದೇ Available, ಅಂದರೆ ಹೊಸ ಗಿರಾಕಿಗೆ ಮಾರಬಹುದಾದ ಮಾಲು. Incoming ಇನ್ನೂ ದಾರಿಯಲ್ಲಿದೆ, On hand ಲೆಕ್ಕಕ್ಕೆ ಸೇರಿಲ್ಲ. ಇಲ್ಲಿ ಬಹಳ ಜನ ಎಡವುವುದು Committed ವಿಷಯದಲ್ಲಿ. "48 ಇದೆ, ಅದರಲ್ಲಿ 6 ಕಳಿಸಬೇಕು, ಉಳಿದದ್ದು 42" ಎಂದು ಎರಡನೇ ಸಲ ಕಳೆಯುತ್ತಾರೆ. ಆ ಆರನ್ನು ಶಾಪಿಫೈ ಆಗಲೇ ಕಳೆದಾಗಿದೆ.

ಮೊದಲ ಮೂರು ಕಾಲಂ ಕೂಡಿದರೆ On hand ಬರಬೇಕು ಎಂಬುದು ಸ್ಕ್ರೀನ್‌ಶಾಟ್ ಓದುವವರಿಗೆ ಇನ್ನೊಂದು ರೀತಿಯಲ್ಲಿ ಉಪಕಾರಿ. ವಾಟ್ಸ್ಆ್ಯಪ್‌ನಲ್ಲಿ ಚಿತ್ರ ಕುಗ್ಗಿ ಮಸುಕಾದಾಗ 3 ಯಾವುದು 8 ಯಾವುದು ಗೊತ್ತಾಗುವುದಿಲ್ಲ. ಗಿಲಕಿಯ Committed 3 ಇರಬಹುದೇ 8 ಇರಬಹುದೇ? 2, 3, 19 ಕೂಡಿದರೆ 24, ತಾಳೆಯಾಯಿತು. 8 ಆಗಿದ್ದರೆ 29 ಬರುತ್ತಿತ್ತು. ಜೊತೆಗೆ ಚಿತ್ರದ ಮೇಲ್ಭಾಗವನ್ನೂ ಕತ್ತರಿಸದೆ ಕಳಿಸಲು ಹೇಳಬೇಕು. ಅಂಗಡಿಗೆ ಎರಡು ಗೋಡೌನ್ ಇದ್ದರೆ ಈ ಪುಟ ಯಾವುದರದ್ದು ಎಂದು ಅಲ್ಲೇ ಕಾಣುವುದು. ಬೆಂಗಳೂರಿನ ಕಪಾಟಿನಲ್ಲಿ 100 ಬುಗುರಿ ಇದ್ದು, ಚನ್ನಪಟ್ಟಣದ ಪುಟ ಮಾತ್ರ ನೋಡಿ ಮತ್ತೆ ತರಿಸುವುದುಂಟು.

ಇಷ್ಟಾದರೂ ಈ ಚಿತ್ರ ಅರ್ಧ ಕಥೆ ಮಾತ್ರ. ಎಷ್ಟಿದೆ ಎಂದು ಹೇಳುತ್ತದೆ, ಎಷ್ಟು ಬೇಗ ಹೋಗುತ್ತಿದೆ ಎಂದು ಹೇಳುವುದಿಲ್ಲ. ತರಿಸಿದರೆ ಬರಲು ಎಷ್ಟು ದಿನ ಬೇಕು ಎಂಬುದೂ ಅದಕ್ಕೆ ಗೊತ್ತಿಲ್ಲ. ಹೀಗಾಗಿ ತಮ್ಮ ಇನ್ನೆರಡು ವಿಷಯ ಕೇಳಿಕೊಳ್ಳಬೇಕು. ಒಂದು, ಕಳೆದ 30 ದಿನಗಳ ಮಾರಾಟದ ಪಟ್ಟಿ, ಅದು Analytics ಭಾಗದಲ್ಲಿ ಸಿಗುತ್ತದೆ. ಇನ್ನೊಂದು ಯಾವ ಪರದೆಯಲ್ಲೂ ಇಲ್ಲ, ಅವನ ತಲೆಯಲ್ಲೇ ಇದೆ: ಫೋನಿನಲ್ಲಿ ಹೇಳಿದ ದಿನದಿಂದ ಮಾಲು ಕಪಾಟಿಗೆ ಬರುವವರೆಗೆ ಎಷ್ಟು ದಿನ. ಮಾಮೂಲು 15 ದಿನ ಎಂದಿಟ್ಟುಕೊಳ್ಳಿ, ತಡವಾದರೆ 20. ಆ ಹೆಚ್ಚಿನ ಐದು ದಿನಕ್ಕೆ ಬೇಕಾದ ಮಾಲನ್ನು ಆಪತ್ತಿಗೆಂದು ಇಟ್ಟುಕೊಳ್ಳಬೇಕು. ಅಂದರೆ ದಿನದ ಮಾರಾಟವನ್ನು 20ರಿಂದ ಗುಣಿಸಿದರೆ ಬರುವ ಅಂಕಿಗೆ ಸ್ಟಾಕ್ ಇಳಿದ ದಿನವೇ ಹೊಸ ಆರ್ಡರ್ ಹೋಗಬೇಕು.

ಬುಗುರಿ 30 ದಿನದಲ್ಲಿ 120 ಮಾರಿದೆ, ದಿನಕ್ಕೆ 4. ಆರ್ಡರ್ ಕೊಡಬೇಕಾದ ಮಟ್ಟ 80. ಇರುವುದು 48, ದಾರಿಯಲ್ಲಿ ಏನೂ ಇಲ್ಲ. 48 ಅಂದರೆ ಹನ್ನೆರಡು ದಿನದ ಮಾಲು, ಹೊಸದು ಬರಲು ಹದಿನೈದು ದಿನ. ಇವತ್ತೇ ಹೇಳಿದರೂ ಮೂರು ದಿನ ಬುಗುರಿ ಇರುವುದಿಲ್ಲ. ಸ್ಟಾಕ್ 80 ಆದಾಗಲೇ, ಅಂದರೆ ಎಂಟು ದಿನ ಮುಂಚೆ, ಹೇಳಬೇಕಿತ್ತು. ಪಟ್ಟಿಯಲ್ಲೇ ದೊಡ್ಡ ಅಂಕಿ ಇದು, ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಎಷ್ಟು ತರಿಸಬೇಕು? ಒಂದು ಸಲ ತರಿಸಿದ್ದು ಒಂದು ತಿಂಗಳು ಬರಲಿ ಎಂದು ತಮ್ಮನ ಲೆಕ್ಕ. ಆಗ ಆ 20 ದಿನಕ್ಕೆ 30 ಸೇರಿ 50 ದಿನದ ಮಾಲು, ಅಂದರೆ 200 ಬುಗುರಿ ಬೇಕು. ಅದರಲ್ಲಿ ಇರುವ 48 ಕಳೆದರೆ 152. ಇಲ್ಲಿಗೇ ನಿಲ್ಲಿಸುವವರು ಬಹಳ. ಆದರೆ ಖಾಲಿ ಇರುವ ಆ ಮೂರು ದಿನದಲ್ಲಿ ಬರುವ ಹನ್ನೆರಡು ಗಿರಾಕಿಗಳು ಬುಗುರಿಗಾಗಿ ಕಾಯುವುದಿಲ್ಲ, ಬೇರೆ ಅಂಗಡಿಗೆ ಹೋಗುತ್ತಾರೆ. ಅವರಿಗಾಗಿ ಮಾಲು ತರಿಸುವುದು ದಂಡ. 12 ಕಳೆದರೆ 140. ಕಸುಬಿನವರು ಡಜನ್ ಲೆಕ್ಕದಲ್ಲಿ ಕೊಡುವುದಾದರೆ 12 ಡಜನ್, 144.

ಅಡುಗೆ ಸೆಟ್ ಇನ್ನೂ ಮೋಸ ಮಾಡುತ್ತದೆ. ಕಳೆದ ತಿಂಗಳು ಮಾರಿದ್ದು 15, ದಿನಕ್ಕೆ ಅರ್ಧ. ಹಾಗೆ ನೋಡಿದರೆ ಇರುವ 11 ಸೆಟ್ 22 ದಿನಕ್ಕೆ ಬರುತ್ತದೆ, ಮಟ್ಟ 10, ಇನ್ನೂ ಅವಸರವಿಲ್ಲ. ಆದರೆ ತಿಂಗಳ ಮೊದಲ ಹದಿನೈದು ದಿನ ಒಂದೂ ಮಾರಿಲ್ಲ. ಯಾರಿಗೂ ಬೇಡವಾಗಿತ್ತು ಎಂದಲ್ಲ, ಸೆಟ್ಟೇ ಇರಲಿಲ್ಲ. ಆ 15 ಮಾರಿದ್ದು ಉಳಿದ ಹದಿನೈದು ದಿನಗಳಲ್ಲಿ, ದಿನಕ್ಕೆ ಒಂದರಂತೆ. ಮಟ್ಟ 20, ಇರುವುದು 11, ಆಗಲೇ ತಡವಾಗಿದೆ. ಸರಾಸರಿ ತೆಗೆಯುವಾಗ ಸ್ಟಾಕ್ ಇದ್ದ ದಿನಗಳನ್ನು ಮಾತ್ರ ಎಣಿಸದಿದ್ದರೆ ಚೆನ್ನಾಗಿ ಓಡುವ ಸಾಮಾನೇ ಮತ್ತೆ ಮತ್ತೆ ಕಡಿಮೆ ಬರುತ್ತದೆ: ಖಾಲಿಯಾಗುತ್ತದೆ, ಮಾರಾಟ ಕಮ್ಮಿ ಕಾಣುತ್ತದೆ, ಕಮ್ಮಿ ತರಿಸುತ್ತೀರಿ, ಇನ್ನೂ ಬೇಗ ಖಾಲಿಯಾಗುತ್ತದೆ. ದಿನವಾರು ಪಟ್ಟಿಯಲ್ಲಿ ಸಾಲಾಗಿ ಸೊನ್ನೆಗಳು ಕಂಡು ಆಮೇಲೆ ಒಮ್ಮೆಲೇ ಮಾರಾಟ ಶುರುವಾಗಿದ್ದರೆ ಇದೇ ಕಾಯಿಲೆ ಎಂದು ಅನುಮಾನಿಸಬೇಕು.

ತರಿಸುವ ಲೆಕ್ಕ ಬುಗುರಿಯದ್ದೇ. 50 ದಿನಕ್ಕೆ 50 ಸೆಟ್, ಇರುವ 11 ಕಳೆದರೆ 39, ಹದಿನೈದು ದಿನದಲ್ಲಿ ತಪ್ಪಿಹೋಗುವ 4 ಗಿರಾಕಿಗಳನ್ನು ಬಿಟ್ಟರೆ 35. ಮೂರು ಡಜನ್ ಸಾಕು. Unavailable ನಲ್ಲಿರುವ ನಾಲ್ಕು ಸೆಟ್‌ಗಳಲ್ಲಿ ಮುಚ್ಚಳ ಮಾತ್ರ ಒಡೆದಿದೆ, ಸರಿಮಾಡಿಸಬಹುದು ಎಂದಿದ್ದರೆ ಸರಿಮಾಡಿಸಲಿ. ಆದರೆ ಕಪಾಟಿಗೆ ವಾಪಸು ಬರುವವರೆಗೆ ಅವನ್ನು ಲೆಕ್ಕಕ್ಕೆ ಹಿಡಿಯಬಾರದು.

ಉಂಗುರದ ಗೋಪುರ 9 ಇದೆ. ತಿಂಗಳಿಗೆ ಮಾರುವುದೇ ಆರು. ನಲವತ್ತೈದು ದಿನಕ್ಕೆ ಸಾಕು. ಎಲ್ಲ ಸಾಮಾನಿಗೂ "ಹತ್ತಕ್ಕಿಂತ ಕಮ್ಮಿಯಾದರೆ ಎಚ್ಚರಿಸು" ಎಂದು ಒಂದೇ ಗೆರೆ ಎಳೆದವರಿಗೆ ಈ ಗೋಪುರ ಸುಮ್ಮಸುಮ್ಮನೆ ಗಾಬರಿ ಹುಟ್ಟಿಸುತ್ತದೆ, ಬುಗುರಿ ಮುಳುಗುವವರೆಗೂ ಸದ್ದು ಮಾಡುವುದಿಲ್ಲ.

ಗಿಲಕಿ ದಿನಕ್ಕೊಂದು ಹೋಗುತ್ತದೆ, ಮಟ್ಟ 20. ಇರುವುದು 19, ತರಿಸಬೇಕು ಅನ್ನಿಸುತ್ತದೆ. ಆದರೆ 40 ದಾರಿಯಲ್ಲಿದೆ. ಎರಡೂ ಕೂಡಿ 59, ಸದ್ಯಕ್ಕೆ ಬೇಡ. ಇಲ್ಲಿ ನೋಡಬೇಕಾದ್ದು ಆ 40 ನಿಜವಾಗಿ ಬರುತ್ತಿದೆಯೇ ಎಂದು. Incoming ಕಾಲಂ ತಾನಾಗಿ ತುಂಬುವುದಿಲ್ಲ, ಯಾರೋ ಖರೀದಿ ಆರ್ಡರ್ ನಮೂದಿಸಿದರೆ ಮಾತ್ರ ಅಂಕಿ ಕಾಣುತ್ತದೆ. ತಮ್ಮ ಬಾಯಿಮಾತಿನಲ್ಲಿ "ಅಣ್ಣಾ, ಇನ್ನೊಂದು ಐದು ಡಜನ್ ಹಾಕಿ" ಎಂದು ಹೇಳಿ ಮರೆತರೆ ಪರದೆಯಲ್ಲಿ ಸೊನ್ನೆ, ಅಕ್ಕ ಮತ್ತೊಮ್ಮೆ ತರಿಸುತ್ತಾಳೆ. ತಿರುಗುಮುರುಗಾಗಿಯೂ ಆಗುತ್ತದೆ. ಮಾಲು ಬಂದು ಕಪಾಟು ಸೇರಿದರೂ ಆರ್ಡರನ್ನು ಮುಗಿದಿದೆ ಎಂದು ಗುರುತಿಸದೆ ಬಿಟ್ಟರೆ ಬಾರದ 40 ಗಿಲಕಿ ತಿಂಗಳುಗಟ್ಟಲೆ ದಾರಿಯಲ್ಲೇ ಇರುತ್ತವೆ. ಆರ್ಡರ್ ತೆರೆದ ತಾರೀಖು ನೋಡಿದರೆ ಸಾಕು. 15 ದಿನಕ್ಕೆ ಬರುವ ಮಾಲು ಎರಡು ತಿಂಗಳಿಂದ ದಾರಿಯಲ್ಲಿದ್ದರೆ ಅದು ದಾರಿಯಲ್ಲಿಲ್ಲ.

ರೈಲಿನ -5 ಕಂಡು ಹೆದರಬೇಕಾಗಿಲ್ಲ. ಸ್ಟಾಕ್ ಮುಗಿದರೂ ಮಾರಾಟ ಮುಂದುವರಿಸು ಎಂದು ಆ ಒಂದು ಸಾಮಾನಿಗೆ ಅನುಮತಿ ಕೊಟ್ಟಿದ್ದಾರೆ, ಐದು ಜನ ದುಡ್ಡು ಕಟ್ಟಿ ಕಾಯುತ್ತಿದ್ದಾರೆ. ಬರುವ 60ರಲ್ಲಿ ಐದು ಅವರಿಗೆ, ಉಳಿದದ್ದು 55. ದಿನಕ್ಕೆ ಎರಡರಂತೆ ಮಟ್ಟ 40, ಹೊಸ ಆರ್ಡರ್ ಬೇಡ. ಬೇಕಾದ್ದು ಒಂದು ಫೋನು: ರೈಲು ಯಾವತ್ತು ಕೈಗೆ ಸಿಗುತ್ತದೆ ಎಂದು ಕೇಳಿ ಆ ಐವರಿಗೆ ತಿಳಿಸುವುದು.

ಈ ಲೆಕ್ಕ ಎಲ್ಲಿ ಕೈಕೊಡುತ್ತದೆ? ಒಂದು, ಕಳೆದ ತಿಂಗಳಿನಂತೆ ಮುಂದಿನ ತಿಂಗಳು ಇಲ್ಲದಾಗ. 120 ಬುಗುರಿಯಲ್ಲಿ ಅರುವತ್ತನ್ನು ಯಾರೋ ಮಗುವಿನ ಹುಟ್ಟುಹಬ್ಬಕ್ಕೆ ಹಂಚಲು ಒಂದೇ ಸಲ ಕೊಂಡಿದ್ದರೆ ದಿನದ ಮಾರಾಟ ನಾಲ್ಕಲ್ಲ, ಎರಡು. ಆಗ ಮಟ್ಟವೂ ಅರ್ಧಕ್ಕೆ ಇಳಿಯುತ್ತದೆ, 48 ಬುಗುರಿ ಇನ್ನೂ ಕೆಲವು ದಿನ ನಡೆಯುತ್ತದೆ. ಆರ್ಡರುಗಳ ಪಟ್ಟಿ ತೆರೆದು ಅಂಥ ದೊಡ್ಡ ಆರ್ಡರನ್ನು ಬದಿಗಿಟ್ಟೇ ಸರಾಸರಿ ತೆಗೆಯಬೇಕು. ದಸರಾ, ದೀಪಾವಳಿ ಹತ್ತಿರವಿದ್ದರೆ ಕಳೆದ ತಿಂಗಳನ್ನಲ್ಲ, ಹೋದ ವರ್ಷದ ಅದೇ ವಾರಗಳನ್ನು ನೋಡುವುದು ಮೇಲು. ಇನ್ನೊಂದು, ಆ 15 ದಿನ. ಈ ಆಟಿಕೆಗಳಿಗೆ ಬಳಸುವ ಹಾಲೆಮರವನ್ನು ಒಣಗಿಸಿಯೇ ಕಡೆಯಬೇಕು. ಮಳೆಗಾಲದಲ್ಲಿ ಮರ ಬೇಗ ಒಣಗುವುದಿಲ್ಲ. ತಮ್ಮ ಪ್ರತಿ ಸಲ ಹೇಳಿದ ತಾರೀಖು, ಬಂದ ತಾರೀಖು ಎರಡನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಜುಲೈ-ಆಗಸ್ಟಿನಲ್ಲಿ 15ರ ಜಾಗಕ್ಕೆ ಯಾವ ಅಂಕಿ ಹಾಕಬೇಕೆಂದು ಅವನಿಗೇ ಕಾಣುತ್ತದೆ. ಅದು 25 ಎಂದು ಬಂದರೆ, ದಿನಕ್ಕೆ ನಾಲ್ಕು ಹೋಗುವ ಬುಗುರಿಗೆ 80 ಇದ್ದಾಗಲ್ಲ, 120 ಇದ್ದಾಗಲೇ ಫೋನು ಮಾಡಬೇಕಾಗುತ್ತದೆ.