ಲಾಭ ಬೆಳೆಯಿತೋ, ಬಂಡವಾಳ ಕರಗಿತೋ?

ಷೇರುಪೇಟೆಯ ಸಂಶೋಧನಾ ವಿಭಾಗಕ್ಕೆ ಹೊಸದಾಗಿ ಸೇರಿದವರಿಗೆ ನೆಸ್ಲೆ ಇಂಡಿಯಾದ 2018 ಮತ್ತು 2019ರ ಲೆಕ್ಕಪತ್ರಗಳನ್ನು ಓದಲು ಕೊಡಬೇಕು. ಮ್ಯಾಗಿ, ನೆಸ್ಕೆಫೆ ಮಾರುವ ಈ ಕಂಪನಿಯ ಲೆಕ್ಕದ ವರ್ಷ ಆಗ ಜನವರಿಯಿಂದ ಡಿಸೆಂಬರ್‌ವರೆಗೆ ಇತ್ತು. ಷೇರುದಾರರ ಬಂಡವಾಳದ ಮೇಲೆ ಕಂಪನಿ ಎಷ್ಟು ಗಳಿಸಿತು ಎಂದು ಹೇಳುವ ಅಂಕಿಯೇ ರಿಟರ್ನ್ ಆನ್ ಈಕ್ವಿಟಿ, ಅಂದರೆ ಆರ್‌ಒಇ. ವರ್ಷದ ಕೊನೆಯ ಬಂಡವಾಳ ಹಿಡಿದು ಲೆಕ್ಕ ಹಾಕಿದರೆ ಅದು 2018ರಲ್ಲಿ ಸುಮಾರು ಶೇ 43 ಇತ್ತು. ಒಂದೇ ವರ್ಷದಲ್ಲಿ ಶೇ 104ಕ್ಕೆ ಏರಿತು. ನಂಜನಗೂಡಿನಲ್ಲಿರುವ ಅವರ ಕಾರ್ಖಾನೆಯೂ ಸೇರಿ ಎಲ್ಲ ಕಾರ್ಖಾನೆಗಳೂ ಆ ವರ್ಷ ಎರಡೂವರೆ ಪಟ್ಟು ದುಡಿದವೇ? ಖಂಡಿತ ಇಲ್ಲ. ಹಾಗಾದರೆ ಏರಿದ್ದು ಏನು?

ಇದಕ್ಕೆ ಉತ್ತರ ಹುಡುಕುವ ದಾರಿಯನ್ನು ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿದ್ದ ಡೊನಾಲ್ಡ್‌ಸನ್ ಬ್ರೌನ್ ನೂರು ವರ್ಷಕ್ಕೂ ಹಿಂದೆಯೇ ಹಾಕಿಕೊಟ್ಟಿದ್ದ. ಆತ ಇಟ್ಟದ್ದು ಎರಡು ಭಾಗ ಮಾತ್ರ: ಮಾರಾಟದ ಪ್ರತಿ ರೂಪಾಯಿಯಲ್ಲಿ ಎಷ್ಟು ಲಾಭ ಉಳಿಯುತ್ತದೆ, ಹೂಡಿದ ಆಸ್ತಿಯ ಪ್ರತಿ ರೂಪಾಯಿಗೆ ಎಷ್ಟು ಮಾರಾಟ ಆಗುತ್ತದೆ. ಆ ಆಸ್ತಿಯಲ್ಲಿ ಷೇರುದಾರರ ಸ್ವಂತ ಹಣ ಎಷ್ಟು, ಹೊರಗಿನವರದು ಎಷ್ಟು ಎಂಬ ಮೂರನೆಯ ಭಾಗ ಆಮೇಲೆ ಸೇರಿಕೊಂಡಿತು. ಹೀಗಾಗಿ ಇವತ್ತಿನ ಸೂತ್ರ ಇಷ್ಟು:

ಆರ್‌ಒಇ = (ನಿವ್ವಳ ಲಾಭ ÷ ಮಾರಾಟ) × (ಮಾರಾಟ ÷ ಒಟ್ಟು ಆಸ್ತಿ) × (ಒಟ್ಟು ಆಸ್ತಿ ÷ ಷೇರುದಾರರ ಬಂಡವಾಳ)

ಮೊದಲನೆಯದು ಮಾರ್ಜಿನ್, ಎರಡನೆಯದು ಆಸ್ತಿಯ ಟರ್ನೋವರ್, ಮೂರನೆಯದು ಲಿವರೇಜ್. ಮಾರಾಟವೂ ಆಸ್ತಿಯೂ ಮೇಲೆ ಕೆಳಗೆ ಹೊಡೆದುಹೋಗಿ ಕೊನೆಗೆ ಲಾಭ ಭಾಗಿಸು ಬಂಡವಾಳವೇ ಉಳಿಯುತ್ತದೆ. ಸೂತ್ರ ಹೊಸದೇನನ್ನೂ ಸೃಷ್ಟಿಸುವುದಿಲ್ಲ, ಒಂದೇ ಅಂಕಿಯನ್ನು ಮೂರು ಕಡೆಯಿಂದ ನೋಡಲು ಬಿಡುತ್ತದೆ ಅಷ್ಟೆ. ಮೂರನ್ನೂ ಗುಣಿಸಿದಾಗ ಮೊದಲಿನ ಆರ್‌ಒಇ ಬರದಿದ್ದರೆ ಎಲ್ಲೋ ಒಂದು ಕಡೆ ವರ್ಷಾಂತ್ಯದ ಅಂಕಿ, ಇನ್ನೊಂದು ಕಡೆ ಸರಾಸರಿ ಸೇರಿಕೊಂಡಿದೆ ಎಂದೇ ಅರ್ಥ. ಹೊಸಬರ ಎಕ್ಸೆಲ್ ಹಾಳೆಗಳಲ್ಲಿ ಇದು ಮಾಮೂಲಿ.

ಈಗ ನೆಸ್ಲೆಯ ಅಂಕಿಗಳನ್ನು ಕೋಟಿ ರೂಪಾಯಿಗಳಲ್ಲಿ, ಉರುಟು ಮಾಡಿ ತೆಗೆದುಕೊಳ್ಳೋಣ. 2018ರಲ್ಲಿ ಮಾರಾಟ ಸುಮಾರು 11,300, ನಿವ್ವಳ ಲಾಭ 1,600, ಒಟ್ಟು ಆಸ್ತಿ 8,100, ಬಂಡವಾಳ 3,700. ಮಾರ್ಜಿನ್ ಶೇ 14.2, ಟರ್ನೋವರ್ 1.4, ಲಿವರೇಜ್ 2.2 ಎಂದಾಯಿತು. 2019ರಲ್ಲಿ ಮಾರಾಟ 12,400, ಲಾಭ 1,970, ಆಸ್ತಿ 7,100, ಬಂಡವಾಳ 1,900. ಮಾರ್ಜಿನ್ ಶೇ 15.9ಕ್ಕೆ, ಟರ್ನೋವರ್ 1.75ಕ್ಕೆ, ಲಿವರೇಜ್ 3.7ಕ್ಕೆ ಏರಿತು. ಮೂರೂ ಏರಿವೆ, ನಿಜ. ಆದರೆ ಎಷ್ಟೆಷ್ಟು ಪಟ್ಟು ಎಂದು ನೋಡಿದರೆ ಚಿತ್ರ ಬೇರೆಯೇ ಆಗುತ್ತದೆ: ಮಾರ್ಜಿನ್ 1.12 ಪಟ್ಟು, ಟರ್ನೋವರ್ 1.25 ಪಟ್ಟು, ಲಿವರೇಜ್ 1.7 ಪಟ್ಟು. ಜಿಗಿತದ ದೊಡ್ಡ ಪಾಲು ಮೂರನೆಯದರದು.

ಲಿವರೇಜ್ ಏರಿತು ಎಂದ ಕೂಡಲೇ ಕಂಪನಿ ಸಾಲ ಮಾಡಿತು ಎಂದು ಬರೆದುಬಿಡುವ ಆತುರ ಹೊಸಬರಿಗೆ ಇರುತ್ತದೆ. ನೆಸ್ಲೆಗೆ ಬ್ಯಾಂಕ್ ಸಾಲ ಇಲ್ಲವೆನ್ನುವಷ್ಟು ಕಡಿಮೆ. ಹೊರಗಿನವರ ಹಣ ಎಂದರೆ ಇಲ್ಲಿ ಮುಖ್ಯವಾಗಿ ಸರಕು ಒದಗಿಸಿದವರಿಗೆ ಕೊಡಬೇಕಾದ ಬಾಕಿ, ಮತ್ತು ನೌಕರರ ಪಿಂಚಣಿಯಂಥ ಹೊಣೆಗಾಗಿ ತೆಗೆದಿಟ್ಟ ಮೊತ್ತ. ಬಡ್ಡಿಯ ಭಾರವಿರುವ ಲಿವರೇಜ್‌ಗೂ ಇದಕ್ಕೂ ಅಜಗಜಾಂತರ. ಕೆಟ್ಟ ಕಾಲದಲ್ಲಿ ಬ್ಯಾಂಕು ಬಾಗಿಲಿಗೆ ಬರುವ ಅಪಾಯ ಮೊದಲನೆಯದರಲ್ಲಿ ಹೆಚ್ಚು.

ಸಾಲ ಬೆಳೆದಿಲ್ಲವೆಂದ ಮೇಲೆ ಬಂಡವಾಳವೇ ಇಳಿದಿರಬೇಕು. 2019ರಲ್ಲಿ ನೆಸ್ಲೆ ಹಿಂದಿನ ವರ್ಷಗಳಿಂದ ಕೂಡಿಬಂದಿದ್ದ ಲಾಭದಿಂದ ಷೇರಿಗೆ 180 ರೂಪಾಯಿಯಂತೆ ವಿಶೇಷ ಲಾಭಾಂಶ ಹಂಚಿತು. ಆಗ ಇದ್ದ ಷೇರುಗಳು 9.64 ಕೋಟಿ, ಹಾಗಾಗಿ ಹಂಚಿದ್ದು ಸುಮಾರು 1,735 ಕೋಟಿ. ಅದರ ಮೇಲೆ ಆ ದಿನಗಳಲ್ಲಿ ಕಂಪನಿಯೇ ಕಟ್ಟಬೇಕಿದ್ದ ಲಾಭಾಂಶ ವಿತರಣಾ ತೆರಿಗೆಯನ್ನೂ ಸೇರಿಸಿದರೆ 2,000 ಕೋಟಿ ದಾಟುತ್ತದೆ. ಹಾಗೆ ಹೋದ ಹಣ ಒಂದು ಕಡೆ ಆಸ್ತಿಯನ್ನು, ಇನ್ನೊಂದು ಕಡೆ ಬಂಡವಾಳವನ್ನು ಅಷ್ಟಷ್ಟೇ ತಗ್ಗಿಸಿತು. ಬಂಡವಾಳ ಚಿಕ್ಕದಾಗಿದ್ದರಿಂದ ಪೆಟ್ಟು ಅದಕ್ಕೇ ಜೋರಾಗಿ ಬಿತ್ತು.

ಟರ್ನೋವರ್ ಏರಿಕೆಯ ಗುಟ್ಟೂ ಇಲ್ಲೇ ಇದೆ. ಆಸ್ತಿ 8,100 ಕೋಟಿಯಲ್ಲೇ ನಿಂತಿದ್ದರೆ 2019ರ ಟರ್ನೋವರ್ 1.53 ಮಾತ್ರ ಆಗುತ್ತಿತ್ತು. ಯಂತ್ರಗಳು ಚುರುಕಾದದ್ದಕ್ಕಿಂತ ಸುಮ್ಮನೆ ಕೂತಿದ್ದ ನಗದು ಮನೆ ಬಿಟ್ಟು ಹೋದದ್ದೇ ಹೆಚ್ಚು. ಇಂಥ ಕಡೆ ಒಟ್ಟು ಆಸ್ತಿಯಲ್ಲಿ ನಗದು ಮತ್ತು ಹೂಡಿಕೆಗಳನ್ನು ಬೇರೆ ತೆಗೆದು ಇನ್ನೊಮ್ಮೆ ಲೆಕ್ಕ ಹಾಕುವುದು ಒಳ್ಳೆಯದು. ಬೆಂಗಳೂರಿನ ಇನ್ಫೋಸಿಸ್ 2017ರಲ್ಲಿ 13,000 ಕೋಟಿ ರೂಪಾಯಿಯ ಷೇರು ಮರುಖರೀದಿ ಮಾಡಿದಾಗಲೂ ಬಂಡವಾಳದ ಬುಡದಲ್ಲಿ ಇದೇ ಬಗೆಯ ಬದಲಾವಣೆ ನಡೆಯಿತು.

ಇನ್ನುಳಿದದ್ದು ಮಾರ್ಜಿನ್. ಶೇ 14.2ರಿಂದ 15.9ಕ್ಕೆ ಏರಿದ್ದು ವ್ಯಾಪಾರದ ಜಾಣ್ಮೆ ಎಂದು ಬರೆಯುವ ಮುನ್ನ ತೆರಿಗೆಗೆ ಮುಂಚಿನ ಲಾಭ ನೋಡಬೇಕು. ಅದು ಸುಮಾರು 2,430 ಕೋಟಿಯಿಂದ 2,670 ಕೋಟಿಗೆ ಬಂದಿತ್ತು. ಮಾರಾಟಕ್ಕೆ ಹೋಲಿಸಿದರೆ ಎರಡೂ ವರ್ಷ ಶೇ 21.5ರ ಆಸುಪಾಸು, ಅಲುಗಾಟವೇ ಇಲ್ಲ! ಬದಲಾದದ್ದು ತೆರಿಗೆ. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಂಪನಿ ತೆರಿಗೆಯನ್ನು ಇಳಿಸಿತು. ರಿಯಾಯಿತಿಗಳನ್ನು ಬಿಟ್ಟುಕೊಡಲು ಒಪ್ಪುವ ಕಂಪನಿಗಳಿಗೆ ಮೇಲ್ತೆರಿಗೆಗಳೂ ಸೇರಿ ದರ ಸುಮಾರು ಶೇ 25.2 ಆಯಿತು, ಮೊದಲು ದೊಡ್ಡ ಕಂಪನಿಗಳಿಗೆ ಅದು ಶೇ 35ರ ಹತ್ತಿರ ಇತ್ತು. ಹಿಂದಿನ ವರ್ಷ ತೆರಿಗೆ ಕಳೆದು ನೂರಕ್ಕೆ 66 ರೂಪಾಯಿ ಉಳಿಸಿಕೊಂಡಿದ್ದ ನೆಸ್ಲೆ 2019ರಲ್ಲಿ 74 ಉಳಿಸಿಕೊಂಡಿತು. ಈ ಕಾರಣಕ್ಕೇ ಅನುಭವಿಗಳು ಮಾರ್ಜಿನ್ನನ್ನು ತೆರಿಗೆ, ಬಡ್ಡಿ, ವ್ಯವಹಾರದ ಲಾಭ ಎಂದು ಮತ್ತೆ ಮೂರು ಮಾಡಿ ಐದು ಭಾಗದ ಸೂತ್ರ ಬಳಸುತ್ತಾರೆ. ನನ್ನ ಮಟ್ಟಿಗೆ ಭಾರತದ 2019–20ರ ಲೆಕ್ಕಗಳಿಗೆ ಮೂರು ಭಾಗದ ಸೂತ್ರವೊಂದೇ ಸಾಲದು.

ಈಗ ಲೆಕ್ಕವನ್ನು ತಿರುಗಿಸಿ ನೋಡಿ. ವಿಶೇಷ ಲಾಭಾಂಶ ಕೊಟ್ಟಿರದಿದ್ದರೆ ಬಂಡವಾಳ 4,000 ಕೋಟಿಯ ಹತ್ತಿರ ಇರುತ್ತಿತ್ತು. ತೆರಿಗೆಯ ಪಾಲು 2018ರಂತೆಯೇ ಇದ್ದಿದ್ದರೆ ಲಾಭ 1,765 ಕೋಟಿಯ ಆಜುಬಾಜು ಆಗಿ, ಬಂಡವಾಳವೂ ಅಷ್ಟೇ ತುಸು ಕಡಿಮೆಯಾಗುತ್ತಿತ್ತು. ಆಗ ಆರ್‌ಒಇ ಸುಮಾರು ಶೇ 46. ಅಂದರೆ ವ್ಯಾಪಾರದ ಒಳಗೆ ನಡೆದ ಬದಲಾವಣೆ ಶೇ 43ರಿಂದ 46ಕ್ಕೆ, ಬಹಳ ಮಾಡಿದರೆ 47ಕ್ಕೆ. ಮಿಕ್ಕದ್ದೆಲ್ಲ ಹಂಚಿಕೆ ಮತ್ತು ತೆರಿಗೆಯ ಕೆಲಸ. ಕಂಪನಿ ತಪ್ಪು ಮಾಡಿತು ಎಂದಲ್ಲ. ಬಳಕೆಗೆ ಬಾರದ ಹಣವನ್ನು ಷೇರುದಾರರಿಗೆ ಮರಳಿಸಿದ್ದು ಸರಿಯೇ. ಆದರೆ ಶೇ 104 ಎಂಬ ಅಂಕಿಯನ್ನು ನಂಬಿ, ಮುಂದೆ ಹೂಡುವ ಪ್ರತಿ ನೂರು ರೂಪಾಯಿಗೂ ನೂರು ರೂಪಾಯಿ ಲಾಭ ಹುಟ್ಟುತ್ತದೆ ಎಂದು ಬೆಳವಣಿಗೆಯ ಅಂದಾಜು ಕಟ್ಟಿದರೆ ವರದಿ ಕೆಡುತ್ತದೆ.

ವರ್ಷಾಂತ್ಯದ ಬಂಡವಾಳದ ಬದಲು ವರ್ಷದ ಆರಂಭ ಮತ್ತು ಅಂತ್ಯದ ಸರಾಸರಿ ಹಿಡಿಯುವುದು ರೂಢಿ. ಹಾಗೆ ಮಾಡಿದರೆ 2019ರ ಆರ್‌ಒಇ ಸುಮಾರು ಶೇ 70 ಬರುತ್ತದೆ, ಜಿಗಿತ ಮೆತ್ತಗಾಗಿ ಕಾಣುತ್ತದೆ. ಆದರೆ ಅದರ ಉಳಿದರ್ಧ ಮುಂದಿನ ವರ್ಷಕ್ಕೆ ಜಾರುತ್ತದೆ. 2020ರಲ್ಲಿ ಲಾಭ ಬೆಳೆದದ್ದು ಶೇ 6ರ ಆಸುಪಾಸು ಮಾತ್ರ. ಆದರೂ ಸರಾಸರಿಯ ಎರಡೂ ತುದಿಗಳಲ್ಲಿ ಕರಗಿದ ಬಂಡವಾಳವೇ ಇದ್ದುದರಿಂದ ಆರ್‌ಒಇ ನೂರನ್ನು ದಾಟಿತು.